ಬುಡದಲ್ಲಿ ತಾಮ್ರ, ತುದಿಯಲ್ಲಿ ಕಪ್ಪು

ಕೂದಲಿಗೆ ಬಣ್ಣ ಹಾಕುವುದೆಂದರೆ ಗೋಡೆಗೆ ಪೇಂಟ್ ಹೊಡೆದ ಹಾಗೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಳೆಯದರ ಮೇಲೆ ಹೊಸದನ್ನು ಬಳಿದರೆ ಹೊಸದೇ ಕಾಣುತ್ತದೆ, ಅಷ್ಟೇ ಅಲ್ಲವೇ? ತುಮಕೂರು ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಬಸ್ ನಿಲ್ದಾಣದ ಹಿಂದೆ ಎರಡು ಕುರ್ಚಿಯ ಸಲೂನ್ ಇಟ್ಟುಕೊಂಡಿರುವ ಕ್ಷೌರಿಕರೊಬ್ಬರೂ ಹಾಗೇ ತಿಳಿದಿದ್ದರು. ತಂದೆಯಿಂದ ಕೈಗೆ ಬಂದ ಕತ್ತರಿ, ಬಾಚಣಿಗೆಯಲ್ಲಿ ಅವರಿಗೆ ಊರಲ್ಲಿ ಒಳ್ಳೆಯ ಹೆಸರು. ಡೈ ವಿಷಯದಲ್ಲಿ ಮಾತ್ರ ಹೆಚ್ಚು ಯೋಚಿಸಿದವರಲ್ಲ. ಸ್ಯಾಚೆಯ ಕಪ್ಪು ಪುಡಿಯನ್ನು ನೀರಲ್ಲಿ ಕಲೆಸಿ ಹಚ್ಚುವುದು, ಅರ್ಧ ಗಂಟೆ ಬಿಟ್ಟು ತೊಳೆಯುವುದು, ಇಷ್ಟೇ ಕೆಲಸ. ಕಪ್ಪಿನ ಮೇಲೆ ಕಪ್ಪು ಹಚ್ಚುವಾಗ ತಪ್ಪುವುದಕ್ಕೆ ಜಾಗವೇ ಕಡಿಮೆ.

ತಪ್ಪಿದ್ದು ನಿವೃತ್ತ ಮೇಷ್ಟ್ರೊಬ್ಬರು ಕಂದು ಬಣ್ಣ ಬೇಕೆಂದು ಬಂದಾಗ. ಮಗಳ ಮದುವೆಗೆ ಇನ್ನು ನಾಲ್ಕೇ ದಿನ. ಇಷ್ಟು ವರ್ಷ ಮನೆಯಲ್ಲೇ ಕಪ್ಪು ಪುಡಿ ಹಚ್ಚಿಕೊಳ್ಳುತ್ತಿದ್ದವರು ಮಂಡಿ ನೋವಿನಿಂದ ಮಲಗಿ ಎರಡು ತಿಂಗಳು ಅದನ್ನು ಬಿಟ್ಟಿದ್ದರು. ಕೂದಲು ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬುಡದಿಂದ ಎರಡು ಸೆಂಟಿಮೀಟರಿನಷ್ಟು ಬೆಳ್ಳಗೆ, ಅದರ ಮೇಲೆ ತುದಿಯವರೆಗೂ ಇದ್ದಿಲಿನಂಥ ಕಪ್ಪು. "ಪೂರ್ತಿ ಕಪ್ಪು ಬೇಡ ಕಣಯ್ಯ, ಈ ವಯಸ್ಸಿಗೆ ನಾಟಕದವರ ಥರ ಕಾಣುತ್ತೆ. ಸ್ವಲ್ಪ ಕಂದು ಇರಲಿ" ಅಂದರು ಮೇಷ್ಟ್ರು. ಅಂಗಡಿಯಲ್ಲಿ ಯಾರೋ ಏಜೆಂಟ್ ಮಾದರಿಗೆಂದು ಕೊಟ್ಟು ಹೋಗಿದ್ದ ಕ್ರೀಮ್ ಟ್ಯೂಬ್ ಇತ್ತು. ಡಬ್ಬಿಯ ಮೇಲೆ ತಿಳಿಕಂದು ಕೂದಲಿನ ಚಿತ್ರ, ಪಕ್ಕದಲ್ಲಿ 5.4 ಎಂಬ ಅಂಕಿ. ಕ್ರೀಮನ್ನು ಬಟ್ಟಲಿಗೆ ಹಿಂಡಿದರು, ಡೆವಲಪರ್ ಅನ್ನು ಕಣ್ಣಳತೆಯಲ್ಲಿ ಸುರಿದರು, ಬುಡದಿಂದ ತುದಿಯವರೆಗೆ ಒಂದೇ ಸಮ ಬಳಿದರು.

ತೊಳೆದು ಟವೆಲ್‌ನಿಂದ ಒರೆಸಿದಾಗ ಬುಡದ ಎರಡು ಸೆಂಟಿಮೀಟರ್ ಉಜ್ಜಿದ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. ತುದಿಗಳು ಬಂದಾಗ ಎಷ್ಟು ಕಪ್ಪಗಿದ್ದವೋ ಅಷ್ಟೇ ಕಪ್ಪಗಿದ್ದವು. ಮೇಷ್ಟ್ರು ಕನ್ನಡಿಯನ್ನೇ ನೋಡುತ್ತಾ ಬಹಳ ಹೊತ್ತು ಕೂತರು. ಬೈಯಲಿಲ್ಲ. "ಬೀಗರ ಮುಂದೆ ಹೆಂಗಯ್ಯಾ ನಿಂತ್ಕೊಳ್ಳಲಿ?" ಅಂತ ಮಾತ್ರ ಕೇಳಿದರು.

ಒಂದೇ ಬಟ್ಟಲಿನ ಬಣ್ಣ ಒಂದೇ ತಲೆಯ ಮೇಲೆ ಎರಡು ಥರ ಹೇಗಾಯಿತು? ಇದಕ್ಕೆ ಉತ್ತರ ಗೊತ್ತಾದರೆ ಈ ಕಸುಬಿನ ಅರ್ಧ ಭಾಗ ಗೊತ್ತಾದಂತೆ.

ಕೂದಲಿನ ಎಳೆಗೆ ಹೊರಗೊಂದು ಹುರುಪೆ ಹುರುಪೆಯಾದ ಪದರವಿದೆ. ಬಣ್ಣ ಇರುವುದು ಅದರ ಒಳಗಿನ ತಿರುಳಿನಲ್ಲಿ, ಮೆಲನಿನ್ ಎಂಬ ವಸ್ತುವಿನ ರೂಪದಲ್ಲಿ. ಟ್ಯೂಬಿನಲ್ಲಿರುವ ಅಮೋನಿಯಾ ಈ ಹೊರಪದರವನ್ನು ಉಬ್ಬಿಸಿ ಸಂದು ಮಾಡುತ್ತದೆ. ಕ್ರೀಮಿನಲ್ಲಿರುವ ಬಣ್ಣದ ಕಣಗಳು ಆ ಹೊತ್ತಿಗೆ ಇನ್ನೂ ಬಹಳ ಚಿಕ್ಕವು, ಬಣ್ಣವೂ ಇಲ್ಲದವು. ಅವು ಸಂದಿನಿಂದ ಒಳಗೆ ಹೋಗುತ್ತವೆ. ಡೆವಲಪರ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. ಅದರಿಂದ ಆಮ್ಲಜನಕ ಸಿಕ್ಕಿದಾಗ ಈ ಚಿಕ್ಕ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಬಣ್ಣ ತಳೆಯುತ್ತವೆ, ದೊಡ್ಡದಾದ್ದರಿಂದಲೇ ಹೊರಗೆ ಬರಲಾರದೆ ಒಳಗೆ ಉಳಿಯುತ್ತವೆ. ಕಲೆಸಿದಾಗ ಕೆನೆಯಂತಿದ್ದ ಮಿಶ್ರಣ ಬಟ್ಟಲಿನಲ್ಲೇ ನೋಡನೋಡುತ್ತ ಕಪ್ಪಾಗುವುದನ್ನು ಡೈ ಹಾಕಿಸಿಕೊಂಡವರು ಕಂಡೇ ಇರುತ್ತಾರೆ. ಒಳಗೆ ಆಗಬೇಕಾದ ಕ್ರಿಯೆ ಬಟ್ಟಲಲ್ಲೂ ನಡೆದಿರುತ್ತದೆ. ಆದ್ದರಿಂದಲೇ ಕಲೆಸಿದ್ದನ್ನು ಎತ್ತಿಟ್ಟು ನಾಳೆಗೆ ಬಳಸುವ ಹಾಗಿಲ್ಲ. ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿಟ್ಟರೆ ಒಳಗೆ ಹುಟ್ಟುವ ಅನಿಲದಿಂದ ಬಾಟಲಿ ಉಬ್ಬಿ ಸಿಡಿಯಲೂ ಬಹುದು.

ಈ ಕ್ರಿಯೆಗೆ ನೂರೈವತ್ತು ವರ್ಷ ಮೀರಿದ ಚರಿತ್ರೆಯಿದೆ. ಪ್ಯಾರಾ-ಫೆನಿಲೀನ್‌ಡೈಅಮೀನ್ ಎಂಬ ರಾಸಾಯನಿಕ ಆಮ್ಲಜನಕದೊಂದಿಗೆ ಸೇರಿದಾಗ ಕಂದಾಗುವುದನ್ನು ಜರ್ಮನಿಯ ರಸಾಯನ ವಿಜ್ಞಾನಿ ಹಾಫ್‌ಮನ್ 1863ರಲ್ಲಿ ಗುರುತಿಸಿದರು. ಫ್ರಾನ್ಸಿನ ಯುವ ರಸಾಯನ ವಿಜ್ಞಾನಿ ಯೂಜೀನ್ ಶ್ಯೂಲರ್ 1907ರಲ್ಲಿ ಕೂದಲ ಬಣ್ಣ ತಯಾರಿಸಿ ಪ್ಯಾರಿಸ್ಸಿನ ಕೇಶ ವಿನ್ಯಾಸಕಾರರಿಗೆ ಮಾರತೊಡಗಿದರು. ಪಿಪಿಡಿ ಎಂದು ಚಿಕ್ಕದಾಗಿ ಕರೆಯುವ ಈ ರಾಸಾಯನಿಕ ಇವತ್ತಿಗೂ ನಮ್ಮ ಊರಿನ ಬಹುಪಾಲು ಕಪ್ಪು ಡೈಗಳಲ್ಲಿದೆ.

ಇನ್ನು ಮೇಷ್ಟ್ರ ತಲೆಗೆ ಬರೋಣ. ಪೆರಾಕ್ಸೈಡ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕೂದಲಲ್ಲಿ ಹುಟ್ಟಿನಿಂದ ಬಂದ ಮೆಲನಿನ್ನನ್ನು ಸ್ವಲ್ಪ ತಿಳಿಯಾಗಿಸುತ್ತದೆ. ಆದರೆ ಮೊದಲೇ ಹಾಕಿ ಕೂತಿರುವ ಡೈಯನ್ನು ಹೊಸ ಡೈ ತಿಳಿಯಾಗಿಸಲಾರದು. ಬಣ್ಣವು ಬಣ್ಣವನ್ನು ಎತ್ತುವುದಿಲ್ಲ ಎಂಬುದು ಈ ಕೆಲಸ ಕಲಿತವರೆಲ್ಲರ ಬಾಯಲ್ಲಿರುವ ಮಾತು. ಮೇಷ್ಟ್ರ ತುದಿಗಳಲ್ಲಿ ವರ್ಷಗಟ್ಟಲೆಯ ಕಪ್ಪು ಒಂದರ ಮೇಲೊಂದು ಕೂತಿತ್ತು. ತಿಳಿಕಂದು ಅದರ ಮೇಲೆ ಕಾಣುವ ಮಾತೇ ಇರಲಿಲ್ಲ. ಬುಡದ ಬಿಳಿ ಕೂದಲಲ್ಲಿ ಇದರ ತದ್ವಿರುದ್ಧ. ಅಲ್ಲಿ ಮೆಲನಿನ್ನೇ ಇಲ್ಲ. ಟ್ಯೂಬಿನ ತಾಮ್ರದ ಛಾಯೆಯನ್ನು ತಗ್ಗಿಸಿ ಕಂದಾಗಿ ಕಾಣಿಸಲು ಒಳಗಡೆ ಕಪ್ಪೋ ಕಂದೋ ಇರಬೇಕಿತ್ತು. ಇಲ್ಲದ್ದರಿಂದ ತಾಮ್ರ ತಾಮ್ರವಾಗಿಯೇ ಕಂಡಿತು. ಅಲ್ಲಲ್ಲಿ ಉಳಿದಿದ್ದ ಸಹಜ ಕರಿಗೂದಲನ್ನು ಪೆರಾಕ್ಸೈಡ್ ತಿಳಿ ಮಾಡಿದ್ದೂ ಅದಕ್ಕೆ ಸೇರಿಕೊಂಡಿತು. ನಮ್ಮಂಥ ಕಡುಗಪ್ಪು ಕೂದಲು ತಿಳಿಯಾಗುವಾಗ ನೇರವಾಗಿ ಕಂದಿಗೆ ಇಳಿಯುವುದಿಲ್ಲ, ಮೊದಲು ಕೆಂಪಿಗೆ ತಿರುಗಿ, ಆಮೇಲೆ ಕಿತ್ತಳೆಗೆ ಬರುತ್ತದೆ. ಸಾಲದ್ದಕ್ಕೆ ನೆತ್ತಿಯ ಶಾಖದಿಂದ ಬುಡದಲ್ಲಿ ಎಲ್ಲವೂ ಬೇಗ ನಡೆಯುತ್ತದೆ.

ಆ ರಾತ್ರಿ ಕ್ಷೌರಿಕರು ಬೆಂಗಳೂರಿನ ಸಲೂನ್ ಒಂದರಲ್ಲಿ ಬಣ್ಣದ ಕೆಲಸ ಮಾಡುವ ಭಾವಮೈದನಿಗೆ ವಿಡಿಯೋ ಕಾಲ್ ಮಾಡಿ ಮೇಷ್ಟ್ರ ತಲೆಯನ್ನು ತೋರಿಸಿದರು. ಆತ ಮೊದಲು ಹೇಳಿದ್ದು, "ಭಾವ, ಇವತ್ತು ಇನ್ನೇನೂ ಹಚ್ಚಬೇಡಿ." ಹೆದರಿಕೆಯಲ್ಲಿ ಬ್ಲೀಚ್ ತಂದು ಕಪ್ಪು ತುದಿಗಳನ್ನು ತೆಗೆಯಲು ಹೋದರೆ ತುದಿಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ನಾರಾಗುತ್ತವೆ. ಅದೇ ಕಪ್ಪು ಪುಡಿಯನ್ನು ಮತ್ತೆ ಹಚ್ಚಿದರೆ ಮದುವೆಯಂತೂ ಕಳೆಯುತ್ತದೆ, ಆದರೆ ಮೇಷ್ಟ್ರು ಬೇಡವೆಂದ ಬಣ್ಣಕ್ಕೇ ವಾಪಸ್ ಹೋದಂತೆ. ನೆತ್ತಿಯಲ್ಲಿ ಉರಿ, ತುರಿಕೆ, ಕೆಂಪು ಇದೆಯೇ ನೋಡಿ, ಇಲ್ಲದಿದ್ದರೆ ಒಂದು ದಿನ ಬಿಟ್ಟು ಮಾಡೋಣ ಎಂದನಂತೆ.

ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಈ ಇಡೀ ಪ್ರಸಂಗದಲ್ಲಿ ಬಹಳ ಹಿಡಿಸಿತು. "ಕೂದಲು ಎಷ್ಟು ಉದ್ದ ಇದೆ?" ನೆತ್ತಿಯ ಮೇಲೆ ಐದು ಸೆಂಟಿಮೀಟರ್. ಅದರಲ್ಲಿ ಬುಡದ ಎರಡು ತಾಮ್ರ, ಮಿಕ್ಕ ಮೂರು ಕಪ್ಪು. "ಹಾಗಾದರೆ ಕಪ್ಪನ್ನು ತೆಗೆಯೋಕೆ ಔಷಧಿ ಯಾಕೆ ಭಾವ, ನಿಮ್ಮ ಕೈಯಲ್ಲಿ ಕತ್ತರಿ ಇದೆಯಲ್ಲ!" ಉದ್ದ ಕೂದಲಿನ ಹೆಂಗಸರಿಗೆ ಇದೇ ತೊಂದರೆ ಆಗಿದ್ದರೆ ಹಲವು ಸಲ ಕೂತು, ದುಡ್ಡು ಸುರಿದು ಸರಿಮಾಡಿಸಬೇಕಿತ್ತು. ಗಂಡಸರ ಗಿಡ್ಡ ಕೂದಲಿನಲ್ಲಿ ಕೆಟ್ಟ ಬಣ್ಣಕ್ಕೆ ಒಳ್ಳೆಯ ಮದ್ದು ಕಟಿಂಗೇ. ಅದರಲ್ಲಿ ನಮ್ಮ ಕ್ಷೌರಿಕರನ್ನು ಮೀರಿಸುವವರು ಆ ಊರಲ್ಲಿರಲಿಲ್ಲ.

ಒಂದು ದಿನ ಬಿಟ್ಟು, ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಮೇಷ್ಟ್ರು ಬಂದರು. ಕ್ಷೌರಿಕರು ಸುತ್ತ ಎರಡು ಸೆಂಟಿಮೀಟರ್, ನೆತ್ತಿಯ ಮೇಲೆ ಎರಡೂವರೆ ಉಳಿಸಿ ಬಾಚಣಿಗೆ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದರು. ಕಪ್ಪು ಬಹುಪಾಲು ನೆಲಕ್ಕೆ ಬಿತ್ತು. ಉಳಿದದ್ದು ತಾಮ್ರ. ಅದನ್ನು ಇಳಿಸಲು ತುಮಕೂರಿನಿಂದ ಎರಡು ಟ್ಯೂಬ್ ತರಿಸಿದ್ದರು, 4.0 ಮತ್ತು 4.1.

ಈ ಅಂಕಿಗಳನ್ನು ಓದುವುದು ಕಷ್ಟವಲ್ಲ. ಚುಕ್ಕಿಯ ಹಿಂದಿನ ಅಂಕಿ ಬಣ್ಣ ಎಷ್ಟು ಗಾಢ ಎಂದು ಹೇಳುತ್ತದೆ. 1 ಅಂದರೆ ಕಡುಗಪ್ಪು, 10 ಅಂದರೆ ವಿದೇಶೀಯರ ತೀರಾ ತಿಳಿ ಹೊಂಬಣ್ಣ. ನಮ್ಮಲ್ಲಿ ಹುಟ್ಟುಗೂದಲು ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರುತ್ತದೆ. 4 ಕಂದು, 5 ತಿಳಿಕಂದು. ಚುಕ್ಕಿಯ ಮುಂದಿನ ಅಂಕಿ ಛಾಯೆ. ಮೇಷ್ಟ್ರಿಗೆ ತಂದ ಟ್ಯೂಬುಗಳಲ್ಲಿ 0 ಅಂದರೆ ಸಹಜ, 1 ಅಂದರೆ ಬೂದಿ, 3 ಹೊನ್ನು, 4 ತಾಮ್ರ, 6 ಕೆಂಪು. ಎಲ್ಲ ಕಂಪನಿಗೂ ಒಂದೇ ಲೆಕ್ಕವಿಲ್ಲ. ಒಬ್ಬರ 4 ತಾಮ್ರವಾದರೆ ಇನ್ನೊಬ್ಬರ 4 ಕೆಂಪು. ಆದ್ದರಿಂದ ಆಯಾ ಕಂಪನಿಯ ಶೇಡ್ ಕಾರ್ಡನ್ನೇ ನೋಡಬೇಕು, ಡಬ್ಬಿಯ ಮೇಲಿನ ಹುಡುಗಿಯ ಚಿತ್ರವನ್ನಲ್ಲ. ಮೊದಲ ದಿನದ 5.4 ಎಂದರೆ ತಾಮ್ರದ ಛಾಯೆಯ ತಿಳಿಕಂದು ಎಂದು ಡಬ್ಬಿಯೇ ಹೇಳುತ್ತಿತ್ತು. ಓದಲು ಬರುತ್ತಿರಲಿಲ್ಲ, ಅಷ್ಟೇ.

ಬೂದಿ ಛಾಯೆಯಲ್ಲಿ ನೀಲಿ ಇರುತ್ತದೆ. ನೀಲಿ ಕಿತ್ತಳೆಯನ್ನು ಅಡಗಿಸುತ್ತದೆ. ಹಾಗೆಂದು 4.1 ಒಂದನ್ನೇ ಹಚ್ಚಿದರೆ ಬಿಳಿಗೂದಲಿದ್ದಲ್ಲಿ ಹಸಿರು ಬೆರೆತ ಮಂಕು ಬಣ್ಣ ಬರಬಹುದು. ಅದಕ್ಕೆ ಅರ್ಧಕ್ಕರ್ಧ ಸಹಜ 4.0 ಸೇರಬೇಕು. ಅಕ್ಕಸಾಲಿಗರ ಬಳಿ ಇರುವಂಥ ಚಿಕ್ಕ ತಕ್ಕಡಿಯನ್ನು ಪಕ್ಕದ ಅಂಗಡಿಯಿಂದ ಕೇಳಿ ತಂದು ಪ್ಲಾಸ್ಟಿಕ್ ಬಟ್ಟಲಿಗೆ 4.0 ಹತ್ತು ಗ್ರಾಂ, 4.1 ಹತ್ತು ಗ್ರಾಂ, ಡೆವಲಪರ್ ಮೂವತ್ತು ಗ್ರಾಂ ತೂಗಿದರು. ಒಂದಕ್ಕೆ ಒಂದೂವರೆ ಎಂಬುದು ಆ ಟ್ಯೂಬಿನ ಮೇಲೆಯೇ ಅಚ್ಚಾಗಿದ್ದ ಅಳತೆ. ಡೆವಲಪರ್ ಹೆಚ್ಚಾದರೆ ಮಿಶ್ರಣ ತೆಳುವಾಗಿ ಬಣ್ಣ ಪಾರದರ್ಶಕವಾಗುತ್ತದೆ. ಕಡಿಮೆಯಾದರೆ ಕಣಗಳು ಪೂರ್ತಿ ಬೆಳೆಯುವುದಿಲ್ಲ. ಈ ಡೆವಲಪರಿನಲ್ಲೂ ದರ್ಜೆಗಳಿವೆ. 10 ವಾಲ್ಯೂಮ್ ಎಂದರೆ ಶೇಕಡಾ 3 ಪೆರಾಕ್ಸೈಡ್, 20 ಎಂದರೆ 6, 30 ಎಂದರೆ 9, 40 ಎಂದರೆ 12. ಅಂದು ಕೂದಲನ್ನು ತಿಳಿ ಮಾಡುವ ಅಗತ್ಯವಿರಲಿಲ್ಲ, ಇರುವ ಬಣ್ಣದ ಮೇಲೆ ಗಾಢ ಬಣ್ಣ ಕೂರಿಸಿದರೆ ಸಾಕಿತ್ತು. ಅದಕ್ಕೆ 10 ವಾಲ್ಯೂಮ್ ಸಾಕೆಂದು ಭಾವಮೈದ ಹೇಳಿದ್ದ.

ಹಣೆಯ ಅಂಚಿಗೂ ಕಿವಿಗೂ ವ್ಯಾಸಲೀನ್ ಸವರಿ, ತಾಮ್ರ ಹೆಚ್ಚು ಕಾಣುತ್ತಿದ್ದ ಕಣತಲೆಯಿಂದ ಶುರುಮಾಡಿದರು. ಹದಿನೈದು ನಿಮಿಷಕ್ಕೆ ಒಮ್ಮೆ, ಇಪ್ಪತ್ತು ನಿಮಿಷಕ್ಕೆ ಇನ್ನೊಮ್ಮೆ ಒಂದು ಎಳೆಯ ಮೇಲಿನ ಕ್ರೀಮನ್ನು ಒದ್ದೆ ಹತ್ತಿಯಿಂದ ಒರೆಸಿ ಕಿಟಕಿಯ ಬೆಳಕಲ್ಲಿ ನೋಡಿದರು. ಟ್ಯೂಬ್‌ಲೈಟಿನ ಕೆಳಗೆ ಸರಿ ಕಂಡದ್ದು ಬಿಸಿಲಲ್ಲಿ ಬೇರೆ ಕಾಣುತ್ತದೆ. ಇಪ್ಪತ್ತೈದಕ್ಕೆ ತೊಳೆದರು. ಗೋಡಂಬಿ ಹುರಿದು ಸ್ವಲ್ಪ ಹೆಚ್ಚಾದಾಗ ಬರುವ ಗಾಢ ಕಂದು. ಮೇಷ್ಟ್ರು ಮದುವೆಯಲ್ಲಿ ಬೀಗರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಕೆಲಸ ಅಲ್ಲಿಗೆ ಮುಗಿದಿತ್ತು, ಕ್ಷೌರಿಕರ ಮನಸ್ಸಿಗೆ ಮಾತ್ರ ಮುಗಿದಿರಲಿಲ್ಲ. ಅವರಿಗೆ ದಾರಿ ಹೇಳಿದ್ದು ಬೇರೆಯವರು. ಮುಂದಿನ ತಲೆ ಬೇರೆ ಇರುತ್ತದೆ. ಆಮೇಲಿನ ತಿಂಗಳುಗಳಲ್ಲಿ ಅವರು ಹಿಡಿದ ಕ್ರಮವನ್ನು ನಾನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಇಷ್ಟು ಸರಳ ಪಾಠಶಾಲೆ ಇನ್ನೊಂದಿರಲಾರದು. ಉದ್ದ ಬಿಳಿಗೂದಲು ಬಿಟ್ಟುಕೊಂಡ ಹಿರಿಯರು ಕಟಿಂಗ್‌ಗೆ ಬಂದಾಗ ಅವರನ್ನು ಕೇಳಿ ನೆಲದಿಂದ ಎಳೆಗಳನ್ನು ಎತ್ತಿ, ಶಾಂಪೂವಿನಲ್ಲಿ ತೊಳೆದು ಒಣಗಿಸಿ, ಒಂದು ತುದಿಗೆ ದಾರ ಸುತ್ತಿ ಫೆವಿಕಾಲ್ ಹಚ್ಚಿ ಪುಟ್ಟ ಕುಚ್ಚು ಮಾಡುತ್ತಾರೆ. ಪೂರ್ತಿ ಬಿಳಿಯ ಕುಚ್ಚು ಒಂದು, ಅರ್ಧ ನರೆತದ್ದು ಒಂದು, ಮೊದಲೇ ಕಪ್ಪು ಡೈ ಆದದ್ದು ಒಂದು. ಒಂದೇ ಮಿಶ್ರಣವನ್ನು ಮೂರಕ್ಕೂ ಹಚ್ಚಿ, ತೊಳೆದು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಸಾಲಾಗಿ ಅಂಟಿಸಿ, ಪಕ್ಕದಲ್ಲಿ ತೂಕ ಮತ್ತು ನಿಮಿಷ ಬರೆಯುತ್ತಾರೆ.

ಒಂದು ಪುಟ ನನ್ನ ಕಣ್ಣಲ್ಲಿ ಹಾಗೇ ನಿಂತಿದೆ. ಮೇಲಿನ ಸಾಲಿನಲ್ಲಿ ಬರೀ 5.4: ಬಿಳಿ ಕುಚ್ಚು ಬೆಂಕಿಯಂತೆ, ಅರ್ಧ ನರೆತದ್ದು ಪಟ್ಟೆ ಪಟ್ಟೆ, ಡೈ ಆದದ್ದು ಹಾಗೇ ಕಪ್ಪು. ಅದರ ಕೆಳಗೆ 5.0 ಮತ್ತು 5.4 ಸಮ ಸಮ: ಬಿಳಿಯ ಕುಚ್ಚು ಕೆಂಪೇರಿದ ಕಂದು. ಮೂರನೆಯದರಲ್ಲಿ 5.0 ಮೂರು ಪಾಲು, 5.4 ಒಂದು ಪಾಲು: ಬಿಳಿಯೂ ಅರ್ಧ ನರೆತದ್ದೂ ಹೆಚ್ಚೂಕಡಿಮೆ ಒಂದೇ ಕಂದು, ಬಿಸಿಲಿಗೆ ಹಿಡಿದರೆ ಮಾತ್ರ ತಾಮ್ರದ ಸುಳಿವು. ಅರ್ಧಕ್ಕಿಂತ ಹೆಚ್ಚು ನರೆತ ತಲೆಗೆ ಸಹಜ ಛಾಯೆ ಕಡಿಮೆಯೆಂದರೂ ಅರ್ಧ ಪಾಲು ಇರಲೇಬೇಕು ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಅದು ಯಾಕೆಂದು ಆ ಪುಟವೇ ತೋರಿಸುತ್ತದೆ. ಮೂರು ಸಾಲಲ್ಲೂ ಮೂರನೆಯ ಕುಚ್ಚು ಮಾತ್ರ ಕಪ್ಪಾಗಿಯೇ ಉಳಿದಿದೆ.

ಈಗ ಅವರು ಟ್ಯೂಬ್ ಮುಟ್ಟುವ ಮುಂಚೆ ಗಿರಾಕಿಯನ್ನು ಕೂರಿಸಿ ಕೇಳುತ್ತಾರೆ. ಹೋದ ಸಲ ಏನು ಹಚ್ಚಿದ್ರಿ? ಮೆಹಂದಿಯಾ, ಪುಡಿಯಾ, ಕ್ರೀಮಾ? ಎಷ್ಟು ದಿನ ಆಯ್ತು? ತಲೆ ಕಡಿದಿತ್ತಾ? ಮೆಹಂದಿ ಎಂದರೆ ಇನ್ನೂ ಬಿಡಿಸಿ ಕೇಳುತ್ತಾರೆ. ಬರೀ ಮದರಂಗಿ ಸೊಪ್ಪಿನ ಪುಡಿಯಾದರೆ ಅಪಾಯವಿಲ್ಲ, ಅದರ ಕೆಂಪು ಮಾತ್ರ ಹೋಗುವುದಿಲ್ಲ. ಆದರೆ ಕೂದಲನ್ನು ನಿಧಾನವಾಗಿ ಕಪ್ಪು ಮಾಡುವ ಕೆಲವು ಪುಡಿ, ಎಣ್ಣೆಗಳಲ್ಲಿ ಸೀಸದಂಥ ಲೋಹದ ಲವಣ ಇರುತ್ತದೆ. ಅಂಥ ಕೂದಲಿಗೆ ಪೆರಾಕ್ಸೈಡ್ ಬಿದ್ದರೆ ಬಿಸಿಯೇರಿ ಕೂದಲು ಸುಡುತ್ತದೆ. ಅನುಮಾನ ಬಂದರೆ ನಾಲ್ಕು ಎಳೆ ಕತ್ತರಿಸಿ, ಗಾಜಿನ ಲೋಟದಲ್ಲಿ 20 ವಾಲ್ಯೂಮ್ ಪೆರಾಕ್ಸೈಡಿಗೆ ಕೆಲವು ಹನಿ ಅಮೋನಿಯಾ ಬಿಟ್ಟು ಅರ್ಧ ಗಂಟೆ ಮುಳುಗಿಸಿಡುತ್ತಾರೆ. ಗುಳ್ಳೆ ಎದ್ದರೆ, ಲೋಟ ಬಿಸಿಯಾದರೆ, ಕೆಟ್ಟ ವಾಸನೆ ಬಂದರೆ ಆ ಗಿರಾಕಿಗೆ ಬಣ್ಣವಿಲ್ಲ, ಕಟಿಂಗ್ ಮಾತ್ರ.

ಅಲರ್ಜಿಯ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಪಿಪಿಡಿ ಕೆಲವರ ಮೈಗೆ ಒಗ್ಗುವುದಿಲ್ಲ. ವರ್ಷಗಟ್ಟಲೆ ಏನೂ ಆಗದೆ ಹಚ್ಚಿಕೊಂಡವರಿಗೂ ಒಂದು ದಿನ ತುರಿಕೆ ಶುರುವಾಗಬಹುದು, ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಬಹುದು. ಒಮ್ಮೆ ಹಾಗಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಆಗುತ್ತದೆ. ಅಮೋನಿಯಾ ಇಲ್ಲ ಎಂದು ಬರೆದ ಡಬ್ಬಿಯಲ್ಲಿ ಪಿಪಿಡಿ ಇಲ್ಲವೆಂದು ಅರ್ಥವಲ್ಲ. ಅಲ್ಲಿ ಅಮೋನಿಯಾದ ಜಾಗಕ್ಕೆ ಬೇರೊಂದು ಕ್ಷಾರ ಬಂದಿದೆ, ಅಷ್ಟೇ. ಹರ್ಬಲ್ ಎಂದು ಮಾರುವ ಕಪ್ಪು ಮೆಹಂದಿಗಳಲ್ಲೂ ಪಿಪಿಡಿ ಇರುವುದುಂಟು. ಹಸಿರೆಲೆಯ ಚಿತ್ರ ನೋಡಿ ಧೈರ್ಯ ಮಾಡುವವರು ದಯವಿಟ್ಟು ಡಬ್ಬಿಯ ಹಿಂಬದಿಯ ಸಣ್ಣಕ್ಷರವನ್ನು ಓದಬೇಕು.

ಡಬ್ಬಿಯಲ್ಲಿ ಹೇಳಿದ ಪರೀಕ್ಷೆಗೆ ನಲವತ್ತೆಂಟು ಗಂಟೆ ಬೇಕು. ಭಾನುವಾರ ಬಂದು ಈಗಲೇ ಹಚ್ಚು ಎನ್ನುವ ಗಿರಾಕಿಗೆ ಇದನ್ನು ಹೇಳುವುದು ಸುಲಭವಲ್ಲ. ಅವರ ಉಪಾಯ ಹೀಗಿದೆ: ಅವತ್ತು ಕಟಿಂಗ್ ಮಾಡಿ, ಡಬ್ಬಿಯಲ್ಲಿ ಬರೆದಂತೆ ಕಿವಿಯ ಹಿಂದೆ ಚಿಕ್ಕ ಚುಕ್ಕೆ ಹಚ್ಚಿ ಕಳಿಸುತ್ತಾರೆ. ಮಂಗಳವಾರ ಹೇಗೂ ಅಂಗಡಿಗೆ ರಜೆ. ಬುಧವಾರ ಬಂದಾಗ ಚುಕ್ಕೆ ಇದ್ದಲ್ಲಿ ಕೆಂಪಾಗಲಿ ಗುಳ್ಳೆಯಾಗಲಿ ಇಲ್ಲದಿದ್ದರೆ ಬಣ್ಣ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗಿದ್ದಾರೆ. ಹೋಗಲಿ ಬಿಡಿ ಎನ್ನುತ್ತಾರೆ ಅವರು. ಇದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ. ಹಚ್ಚಿದ ಮೇಲೆ ಉರಿ ಶುರುವಾದರೆ ನಿಮಿಷ ಪೂರ್ತಿಯಾಗಲಿ ಎಂದು ಕಾಯದೆ ಕೂಡಲೇ ಧಾರಾಳ ನೀರಲ್ಲಿ ತೊಳೆಯಬೇಕು. ಮುಖ ಊದಿದರೆ, ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ಹುಬ್ಬು, ರೆಪ್ಪೆಗೆ ತಲೆಯ ಡೈ ಹಚ್ಚಲೇಬಾರದು.

ಮದುವೆಯಾಗಿ ಏಳೆಂಟು ವಾರದ ಮೇಲೆ ಮೇಷ್ಟ್ರು ಮತ್ತೆ ಬಂದರು. ಬುಡದಲ್ಲಿ ಬಿಳಿ ಚಿಗುರಿತ್ತು, ಹಳೆಯ ಕಪ್ಪಿನ ಕೊನೆಯ ತುದಿಗಳೂ ನಡುವೆ ಆದ ಒಂದು ಕಟಿಂಗ್‌ನಲ್ಲಿ ಹೋಗಿದ್ದವು. "ಅವತ್ತು ಕೇಳಿದ್ನಲ್ಲ, ಆ ಕಂದು ಈಗ ಬರುತ್ತೇನಯ್ಯಾ?" ಕ್ಷೌರಿಕರು ಪುಸ್ತಕ ತೆರೆದು ಮೂರನೆಯ ಸಾಲನ್ನು ತೋರಿಸಿ, "ಇದು ನೋಡಿ ಮೇಷ್ಟ್ರೇ, ಇದು ಬರುತ್ತೆ" ಅಂದರು. ಚುಕ್ಕೆಯ ಪರೀಕ್ಷೆ ಆಗಿತ್ತು. ತಲೆಯಲ್ಲಿ ಕೊಬ್ಬರಿ ಎಣ್ಣೆಯ ಜಿಡ್ಡು ಇರದಂತೆ ಹಿಂದಿನ ದಿನವೇ ತೊಳೆದು ಬರಲು ಹೇಳಿದ್ದರು. 5.0 ಹದಿನೈದು ಗ್ರಾಂ, 5.4 ಐದು ಗ್ರಾಂ, ಈ ಸಲ ಹಸಿ ಬಿಳಿಗೂದಲು ಆದ್ದರಿಂದ 20 ವಾಲ್ಯೂಮ್ ಮೂವತ್ತು ಗ್ರಾಂ. ಕಣತಲೆಯ ಬಿಳಿಗೂದಲು ಗಡುಸು, ಬಣ್ಣ ಬೇಗ ಹಿಡಿಯದು. ಅದಕ್ಕೆ ಅಲ್ಲಿಂದಲೇ ಆರಂಭ. ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿ ಮೂವತ್ತೈದು ನಿಮಿಷ. ತುದಿಗಳಲ್ಲಿ ಬಣ್ಣ ಇನ್ನೂ ಇದ್ದುದರಿಂದ ಅವನ್ನು ಮುಟ್ಟಲಿಲ್ಲ. ಪ್ರತಿ ಸಲವೂ ತುದಿಯವರೆಗೆ ಎಳೆದರೆ ಬಣ್ಣದ ಮೇಲೆ ಬಣ್ಣ ಕೂತು ಮತ್ತೆ ಅದೇ ಇದ್ದಿಲು.

ಮೇಷ್ಟ್ರು ಈಗ ಐದಾರು ವಾರಕ್ಕೊಮ್ಮೆ ಬರುತ್ತಾರೆ. ಹೋದ ಸಲ ಬಂದಾಗ ಮೀಸೆಗೂ ಅದೇ ಬಣ್ಣ ಹಾಕೆಂದರು. ಮೀಸೆಯ ಕೂದಲು ದಪ್ಪ, ಅದರ ಕೆಳಗೆ ಚರ್ಮ ಮೂಗು ಬಾಯಿಗೆ ಹತ್ತಿರ, ಅಳತೆಯೂ ನಿಮಿಷವೂ ಬೇರೆಯೇ ಆಗಬಹುದು ಎಂದ ಕ್ಷೌರಿಕರು ಆ ದಿನ ಒಪ್ಪಲಿಲ್ಲ. ಟ್ರಿಮ್ ಮಾಡಿದ ಮೀಸೆಗೂದಲನ್ನು ಕಾಗದದ ಮೇಲೆ ಕೂಡಿಸಿ ಪೊಟ್ಟಣ ಕಟ್ಟಿಟ್ಟುಕೊಂಡು, "ಇದರ ಮೇಲೆ ಹಾಕಿ ನೋಡಿ ಹೇಳ್ತೀನಿ, ಮುಂದಿನ ಸಲ ಬನ್ನಿ" ಅಂದರು.